ಎಂಟು ಜನರಿಗೆ ಧನ್ಯವಾದ

ವಾಟ್ಸ್ಯಾಪ್ ಗುಂಪು ಮುಚ್ಚುವುದೆಂದರೆ ನನಗೆ ಒಂಥರಾ ಖುಷಿ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಇಲ್ಲಿಂದ ಶುರು ಮಾಡದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಅಕ್ಕನ ಮಗಳ ಮದುವೆಗೆಂದು ಒಂದು ಗುಂಪು, ಕಚೇರಿಯವರೆಲ್ಲ ಪ್ರವಾಸ ಹೋಗಿದ್ದಕ್ಕೆ ಇನ್ನೊಂದು, ಬೀದಿಯ ಬೋರ್‌ವೆಲ್ ರಿಪೇರಿಗೆ ಮತ್ತೊಂದು. ಮದುವೆಯಾಗಿ ಮಗು ಹುಟ್ಟಿದರೂ ಮದುವೆಯ ಗುಂಪಿನಲ್ಲಿ ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಬರುತ್ತಲೇ ಇರುತ್ತದೆ. ನಮ್ಮ ಕಡೆ ಯಾರೂ ತಾವಾಗಿ ಗುಂಪು ಬಿಡುವುದಿಲ್ಲ. ಪಂಕ್ತಿಯಲ್ಲಿ ಕೂತಾಗ ಎಲ್ಲರ ಊಟವೂ ಆಗುವ ತನಕ ಎಲೆ ಮುಂದಿನಿಂದ ಏಳಬಾರದಲ್ಲ, ಹಾಗೆ. ಮೊದಲು ಎದ್ದವರಿಗೆ ಸೊಕ್ಕು ಅನ್ನುತ್ತಾರೆ. ಹಾಗಾಗಿ ಯಾರಾದರೂ ಒಬ್ಬರು ಹಿರಿಯರು "ಏಳೋಣ್ವಾ" ಅನ್ನಬೇಕು. ಆ ಹಿರಿತನ ನಾನೇ ವಹಿಸಿಕೊಂಡಿದ್ದೆ. ಯಾರೂ ಕೊಟ್ಟಿದ್ದಲ್ಲ.

ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ಇಪ್ಪತ್ತು ವರ್ಷದಿಂದ ಕಡತ ನೋಡಿ, ಟಿಪ್ಪಣಿ ಬರೆದು, ಕೊನೆಗೆ ದಾರ ಕಟ್ಟಿ ಕಪಾಟಿಗೆ ಹಾಕುವುದೇ ಕೆಲಸ. ದಾರ ಕಟ್ಟಿದ ಕಡತ ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ಮನೆಯಲ್ಲೂ ಅಷ್ಟೇ. ಮಕ್ಕಳು ತಟ್ಟೆಯಲ್ಲಿ ಕೈ ತೊಳೆಯುವ ಮೊದಲೇ ತಟ್ಟೆ ಎತ್ತುತ್ತೀಯ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ.

ಆಕೆ ಬಂದದ್ದು ಕಚೇರಿಗೇ. ಗೌರಿಬಿದನೂರಿನ ಹತ್ತಿರದ ಹಳ್ಳಿಯವಳು, ನಲವತ್ತರ ಆಸುಪಾಸು. ಗಂಡನ ಕೈ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಪಿಯುಸಿ ಓದುವಾಗ ಕಣ್ಣು ಮಂಜಾಗಲು ಶುರುವಾಗಿ, ಎರಡು ವರ್ಷದಲ್ಲಿ ಪೂರ್ತಿ ಹೋಯಿತಂತೆ. ಈಗ ಖಾಸಗಿಯಾಗಿ ಅದೇ ದ್ವಿತೀಯ ಪಿಯುಸಿ ಕಟ್ಟಿದ್ದಾಳೆ. ಉತ್ತರ ಬರೆಯಲು ಇನ್ನೊಬ್ಬರನ್ನು ಕೂರಿಸಿಕೊಳ್ಳಬೇಕಾದರೆ ಒಂದು ಪ್ರಮಾಣಪತ್ರದ ನಕಲು ಬೇಕು, ಅದಕ್ಕೆ ಬಂದಿದ್ದಳು. ನಕಲು ತೆಗೆದು ಸೀಲು ಹಾಕುತ್ತಾ, ಸುಮ್ಮನಿರಲಾರದೆ ಕೇಳಿದೆ.

"ಓದ್ಕೊಳ್ಳೋದು ಹೆಂಗಮ್ಮ ಮತ್ತೆ?"

"ಪುಸ್ತಕ ಎಲ್ಲಾ ಐತೆ ಮೇಡಂ. ಓದಿ ಹೇಳೋರಿಲ್ಲ. ಇವ್ರು ಹಾಲಿನ ಗಾಡಿ ಓಡಿಸ್ತಾರೆ, ಬಂದು ಕೂತ್ರೆ ನಾಕು ಸಾಲಿಗೇ ನಿದ್ದೆ ಬಂದ್ಬಿಡುತ್ತೆ."

ಗಂಡ ತಲೆ ಕೆರೆದುಕೊಂಡು ನಕ್ಕ. ಪಾಸಾಗಿ ಏನು ಮಾಡುತ್ತೀಯ ಎಂದೆ. ಕಣ್ಣಿಲ್ಲದ ಮಕ್ಕಳಿಗೆ ಕಲಿಸುವ ತರಬೇತಿ ಇದೆಯಂತೆ, ಅದಕ್ಕೆ ಸೇರಲು ಪಿಯುಸಿ ಆಗಿರಲೇಬೇಕು ಎಂದಳು. "ಈ ವರ್ಷ ಆಗ್ಲಿಲ್ಲಾಂದ್ರೆ ನಮ್ಮತ್ತೆ ಇನ್ನೊಂದು ಸಲ ಫೀಜು ಕಟ್ಟಕ್ಕೆ ಬಿಡಲ್ಲ" ಎಂದು ತಾನೂ ನಕ್ಕಳು. ಆ ನಗು ನನ್ನನ್ನು ಹಿಡಿದುಕೊಂಡಿತು. ಸಂಜೆ ಮನೆಗೆ ಹೋಗಿ ಗುಂಪು ಮಾಡಿದೆ.

ಗುಂಪಿನಲ್ಲಿ ಹತ್ತು ಜನ. ನನ್ನನ್ನು ಬಿಟ್ಟರೆ ಓದುವವರು ಎಂಟು, ಕೇಳುವವಳು ಒಬ್ಬಳು. ಎಂಟರಲ್ಲಿ ಶಿಡ್ಲಘಟ್ಟದ ಪಕ್ಕದ ಮೇಲೂರಿನ ನಿವೃತ್ತ ಮೇಷ್ಟ್ರು ಒಬ್ಬರು, ನನಗೆ ಹೈಸ್ಕೂಲಿನಲ್ಲಿ ಕಲಿಸಿದವರು. ಚಿಂತಾಮಣಿಯ ಒಬ್ಬಳು ಟೀಚರ್, ಮನೆಯಲ್ಲಿ ಉರ್ದು ಮಾತಾಡುವವಳು, ಕನ್ನಡ ಓದಿದರೆ ಮಾತ್ರ ಒಂದು ಒತ್ತಕ್ಷರವೂ ಜಾರುವುದಿಲ್ಲ. ಮಿಕ್ಕವರು ನನ್ನ ಪರಿಚಯದವರು, ಶಿಡ್ಲಘಟ್ಟ ಚಿಕ್ಕಬಳ್ಳಾಪುರದ ಸುತ್ತಮುತ್ತಲಿನವರು. ಆಕೆಗೆ ಬಾಕಿ ಉಳಿದಿದ್ದದ್ದು ನಾಲ್ಕು ವಿಷಯ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ. ಪಾಠಗಳನ್ನು ಹಂಚಿದೆ. ಯಾರಿಗೆ ಯಾವಾಗ ಬಿಡುವೋ ಆವಾಗ ಫೋನಿನ ಮುಂದೆ ಓದಿ ಗುಂಪಿಗೆ ಹಾಕುವುದು. ಇತಿಹಾಸದ ದೊಡ್ಡ ಪಾಠಗಳನ್ನು ನಾನೇ ಇಟ್ಟುಕೊಂಡೆ.

ನಾನು ಓದುವಾಗ ಬಾಗಿಲು ಹಾಕಿ, ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಂಡು ಓದುತ್ತಿದ್ದೆ. ಒಂದು ಸದ್ದು ಬರಬಾರದು. ಬೇರೆಯವರದು ಕೇಳಿದರೆ ಮೈ ಉರಿಯುತ್ತಿತ್ತು. ಮೇಷ್ಟ್ರ ಪಾಠದ ಹಿಂದೆ ಪಕ್ಕದ ಶೆಡ್ಡಿನ ರೇಷ್ಮೆ ನೂಲು ಬಿಚ್ಚುವ ಯಂತ್ರ ಗರಗರ ಅನ್ನುತ್ತಿತ್ತು. ಚಿಂತಾಮಣಿಯ ಟೀಚರ್ ಓದುತ್ತಿದ್ದರೆ ನಡುವೆ ಟೊಮೆಟೊ ಲಾರಿಯ ಹಾರನ್ನು, ಆಮೇಲೆ ಕುಕ್ಕರಿನ ಸೀಟಿ. "ದಯವಿಟ್ಟು ಶಾಂತ ಸ್ಥಳದಲ್ಲಿ ಓದಿ" ಎಂದು ನಾನು ಗುಂಪಿನಲ್ಲಿ ಮೂರು ಸಲ ಬರೆದೆ. ಮೇಷ್ಟ್ರು ಒಂದು ಧ್ವನಿ ಸಂದೇಶ ಕಳಿಸಿದರು. "ಶಾಂತ ಸ್ಥಳ ಎಲ್ಲಿದೆ ತಾಯಿ ಶಿಡ್ಲಘಟ್ಟದಲ್ಲಿ, ನೀನೇ ಹುಡುಕ್ಕೊಡು."

ಕೇಳುವವಳು ಮಾತ್ರ ಯಾವತ್ತೂ ಸದ್ದಿನ ಬಗ್ಗೆ ದೂರಲಿಲ್ಲ. ಆಕೆಯ ಫೋನು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಬೆರಳಿಟ್ಟಲ್ಲಿ ಏನಿದೆ ಎಂದು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ನಾವು ಕನ್ನಡದಲ್ಲಿ ಟೈಪ್ ಮಾಡಿದ್ದನ್ನೂ ಓದುತ್ತದೆ. ಆಕೆ ಮಾತಾಡಿದರೆ ಅಕ್ಷರವಾಗುತ್ತದೆ. ಹಾಗೆ ಬರೆದು ಕಳಿಸುತ್ತಿದ್ದಳು. "ಮೇಡಂ, ಈ ಪಾಠದಲ್ಲಿ ಒಂದು ಪುಟ ಬಿಟ್ಟೋಗಿದೆ ಅನ್ಸುತ್ತೆ, ಎರಡನೇ ಕಾರಣ ಆದ್ಮೇಲೆ ಸೀದಾ ನಾಲ್ಕನೇದು ಬಂತು." ತೆಗೆದು ನೋಡಿದರೆ ನಿಜ, ಎರಡು ಹಾಳೆ ಅಂಟಿಕೊಂಡಿದ್ದವು. ಹೀಗೆ ಏಳೆಂಟು ತಪ್ಪು ಹಿಡಿದಳು, ಅವುಗಳಲ್ಲಿ ಮೂರು ನನ್ನವೇ. ಆಕೆಯ ಫೋನಿನಲ್ಲಿ ಜಾಗ ಕಡಿಮೆ ಎಂದು ನನಗೆ ಗೊತ್ತಿತ್ತು. ಹೊಸ ಪಾಠ ಬಂದಾಗಲೆಲ್ಲ ಹಾಡೋ ಫೋಟೋವೋ ಅಳಿಸಿ ಜಾಗ ಮಾಡಿಕೊಳ್ಳುತ್ತಿದ್ದಳು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಕೊನೆಯ ಪಾಠ ಬಂತು. ಪಟ್ಟಿಯಲ್ಲಿ ಕೊನೆಯ ಟಿಕ್ ಹಾಕಿದೆ. ನನ್ನ ಲೆಕ್ಕಕ್ಕೆ ಕೆಲಸ ಮುಗಿಯಿತು. ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು, ಆದರೆ ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಅಷ್ಟರಲ್ಲಿ ಗುಂಪಿಗೆ ಗುಲಾಬಿ ಹೂವು ಬರಲು ಶುರುವಾಗಿತ್ತು, ಯಾರೋ ಮಂಡಿನೋವಿಗೆ ಮನೆಮದ್ದು ಕೂಡ ಹಾಕಿದರು. ದಿನಕ್ಕೆರಡು ಫೋನು, "ನಾನು ಓದಿದ್ದು ಬಂತಾ, ಸರಿಯಾಗಿತ್ತಾ" ಎಂದು. ಸಾಕಾಗಿತ್ತು ನನಗೆ.

ಮುಚ್ಚುವುದಕ್ಕೂ ನನ್ನದೊಂದು ಕ್ರಮವಿದೆ. ಮೊದಲು ಎಲ್ಲ ಕಡತ ಒಂದು ಕಡೆ ಸೇರಿಸುವುದು. ನನ್ನ ಇ-ಮೇಲಿನ ಡ್ರೈವಿನಲ್ಲಿ ಫೋಟೋ ತುಂಬಿ ಜಾಗವಿರಲಿಲ್ಲ, ಅದಕ್ಕೆ ಮನೆಯ ಲ್ಯಾಪ್‌ಟಾಪಿನಲ್ಲಿ ಹೊಸ ಇ-ಮೇಲ್ ಖಾತೆ ತೆರೆದೆ. ಗುಂಪಿನಿಂದ ಒಂದೊಂದೇ ಧ್ವನಿ ಇಳಿಸಿದೆ. ವಾಟ್ಸ್ಯಾಪು ಅದಕ್ಕೆ ಅಂಕಿಯ ಹೆಸರಿಟ್ಟಿರುತ್ತದೆ, ಕೇಳದೆ ಯಾವುದು ಯಾವ ಪಾಠ ಎಂದು ತಿಳಿಯುವುದಿಲ್ಲ. ಒಂದೊಂದನ್ನೂ ಕೇಳಿ "ಇತಿಹಾಸ, ಪಾಠ ಮೂರು, ಭಾಗ ಒಂದು" ಎಂದು ಹೆಸರು ಬದಲಿಸಿದೆ. ನಾಲ್ಕು ವಿಷಯಕ್ಕೆ ನಾಲ್ಕು ಫೋಲ್ಡರು, ಅವೆಲ್ಲದರ ಮೇಲೆ ಒಂದು ದೊಡ್ಡ ಫೋಲ್ಡರು. ಎರಡು ಭಾನುವಾರ ಇದರಲ್ಲೇ ಹೋದವು. ಕಪಾಟಿನಲ್ಲಿ ಕಡತ ಜೋಡಿಸಿದ ಹಾಗೆ ಕಾಣುತ್ತಿತ್ತು. ಲಿಂಕು ನಕಲು ಮಾಡಿ, ನಾನೇ ತೆರೆದು ನೋಡಿದೆ. ತೆರೆಯಿತು. ಮನೆಯ ಯಜಮಾನಿಗೆ ತನ್ನ ಮನೆ ಬಾಗಿಲು ತೆರೆಯದೆ ಇರುತ್ತದೆಯೇ. ಹಂಚಿಕೆ ಎನ್ನುವ ಕಡೆ ಹೋಗಿ "ನಿರ್ಬಂಧಿತ" ಅನ್ನುವುದನ್ನು "ಲಿಂಕ್ ಇರುವ ಯಾರಾದರೂ" ಎಂದು ಬದಲಿಸಬೇಕು ಎನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕಚೇರಿಯಲ್ಲಿ ಬೇರೆಯವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆವತ್ತು ನೋಡಲಿಲ್ಲ, ಅಷ್ಟೇ.

ಆಮೇಲೆ ಸಮಾರೋಪದ ಸಂದೇಶ. ಅದರಲ್ಲಿ ನನಗೆ ಹೆಸರಿದೆ ಎಂದು ನಾನೇ ಅಂದುಕೊಂಡಿದ್ದೆ. ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನಲ್ಲಿ ಬರೆದೆ, ನಾವು ದಿನಾ ಬಳಸುವ ಹಳೆಯ ಕನ್ನಡ ಫಾಂಟಿನಲ್ಲಿ. ಬರೆದು, ತಿದ್ದಿ, ವಾಟ್ಸ್ಯಾಪಿಗೆ ಹಾಕಿದರೆ ಒಂದಕ್ಷರ ಕನ್ನಡವಿಲ್ಲ, ಎಲ್ಲ ಇಂಗ್ಲಿಷಿನ ಚೂರು, ಸೊಟ್ಟ ಗೆರೆ, ಚುಕ್ಕಿ. ಕನ್ನಡದ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಗೋಳು ಗೊತ್ತು. ಫೋನಿನಲ್ಲಿ ಮತ್ತೆ ಮೊದಲಿಂದ ಟೈಪ್ ಮಾಡಲು ಬೇಜಾರಾಯಿತು. ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. "ಇಮೇಜ್ ಮಾಡ್ಕೊಡ್ತೀನಿ ಬಿಡಿ ಮೇಡಂ, ಮದ್ವೆ ಕಾರ್ಡ್ ಥರ ಮಾಡೋಣ" ಎಂದ ಅಂಗಡಿಯವನು, ಸುತ್ತ ಮಲ್ಲಿಗೆ ಹೂವಿನ ಅಂಚು ಹಾಕಿ ಹತ್ತು ನಿಮಿಷದಲ್ಲಿ ಚಿತ್ರ ಮಾಡಿಕೊಟ್ಟ. ಬಹಳ ಚೆನ್ನಾಗಿತ್ತು.

ಅದರಲ್ಲಿದ್ದದ್ದು ಇದು.

"ಆತ್ಮೀಯರೇ, ನಾವೆಲ್ಲ ಸೇರಿ ಕೈಗೊಂಡ ಪಾಠ ವಾಚನದ ಕಾರ್ಯವು ಇಂದು ಸಂಪೂರ್ಣಗೊಂಡಿದೆ. ತಮ್ಮ ಅಮೂಲ್ಯ ಸಮಯವನ್ನು ಮೀಸಲಿಟ್ಟು ಓದಿಕೊಟ್ಟ ಎಂಟು ಜನರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಲ್ಲ ಧ್ವನಿಗಳನ್ನೂ ಕೆಳಗಿನ ಲಿಂಕಿನ ಫೋಲ್ಡರಿನಲ್ಲಿ ವಿಷಯವಾರು ಜೋಡಿಸಲಾಗಿದೆ. ಆದ್ದರಿಂದ ಗುಂಪಿನಲ್ಲಿರುವ ಧ್ವನಿಗಳನ್ನು ಅಳಿಸಿ ತಮ್ಮ ಫೋನಿನಲ್ಲಿ ಜಾಗ ಮಾಡಿಕೊಳ್ಳಬಹುದು. ಉದ್ದೇಶ ಈಡೇರಿರುವುದರಿಂದ ಎರಡು ದಿನಗಳ ನಂತರ ಗುಂಪನ್ನು ಮುಚ್ಚಲಾಗುವುದು. ಈ ವಿಷಯವಾಗಿ ಇನ್ನು ಮುಂದೆ ಪ್ರತ್ಯೇಕವಾಗಿ ಕರೆ ಮಾಡುವ, ಸಂದೇಶ ಕಳಿಸುವ ಅಗತ್ಯವಿಲ್ಲ. ವಂದನೆಗಳು."

ಕಣ್ಣು ಕಾಣದವಳಿಗಾಗಿ ನಡೆದ ಕೆಲಸದ ಕೊನೆಯ ಮಾತನ್ನು ನಾನು ಚಿತ್ರವಾಗಿ ಕಳಿಸಿದೆ. ಆ ಚಿತ್ರದಲ್ಲಿ ಆಕೆಗೆ ಒಂದು ಧನ್ಯವಾದವೂ ಇರಲಿಲ್ಲ. ಕೇಳಿಸಿಕೊಳ್ಳುವುದೂ ಒಂದು ಕೆಲಸ ಎಂದು ನನಗೆ ಹೊಳೆದೇ ಇರಲಿಲ್ಲ.

ಚಿತ್ರದ ಕೆಳಗೆ ಲಿಂಕು ಹಾಕಿ ಕಳಿಸಿದೆ. ಗುಂಪಿನ ಮೇಲ್ಗಡೆ ಪಿನ್ ಮಾಡಿದೆ. ತಕ್ಷಣ ಸೆಟ್ಟಿಂಗಿಗೆ ಹೋಗಿ ಸಂದೇಶ ಕಳಿಸುವವರು ಅಡ್ಮಿನ್ ಮಾತ್ರ ಎಂದು ಬದಲಿಸಿದೆ, ಕೈ ಮುಗಿದ ಗೊಂಬೆಗಳ ಮಳೆ ಸುರಿಯಬಾರದೆಂದು. ಆದರೂ ಸಂದೇಶದ ಮೇಲೆಯೇ ಒತ್ತಿ ಹೃದಯವನ್ನೋ ಕೈ ಮುಗಿದಿದ್ದನ್ನೋ ಹಾಕಬಹುದಲ್ಲ, ಹಾಗೆ ಎಂಟು ಜನ ಹಾಕಿದರು. ಒಂದು ಮಾತ್ರ ಬರಲಿಲ್ಲ. ಯಾರು ನೋಡಿದ್ದಾರೆ ಎಂದು ತೆಗೆದು ನೋಡಿದೆ. ಓದಿದವರ ಪಟ್ಟಿಯಲ್ಲಿ ಆಕೆಯ ನಂಬರೂ ಇತ್ತು, ಎರಡು ನೀಲಿ ಗೀಟು. ನನಗೆ ಕೋಪ ಬಂತು. ಇಷ್ಟೆಲ್ಲ ಯಾರಿಗೋಸ್ಕರ ಮಾಡಿದ್ದು, ಒಂದು ಕೈ ಮುಗಿಯೋಕೂ ಆಗಲಿಲ್ಲವಾ ಇವಳಿಗೆ ಎಂದು ನನ್ನ ಗಂಡನ ಹತ್ತಿರ ಅಂದೆ. ಅಂದಿದ್ದು ನಿಜ. ಈಗ ನೆನೆಸಿಕೊಂಡರೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ದಿನದ ನಂತರ ಒಬ್ಬೊಬ್ಬರ ಹೆಸರೂ ಒತ್ತಿ ಹಿಡಿದು ತೆಗೆದುಹಾಕಿದೆ. ಒಂಬತ್ತು ಸಲ. ಕೊನೆಗೆ ನಾನೊಬ್ಬಳೇ ಉಳಿದೆ. ಹೊರಬಂದು, ಗುಂಪನ್ನೇ ಅಳಿಸಿದೆ. ಪರದೆ ಶುಭ್ರವಾಯಿತು. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಯುಗಾದಿ ಮುಗಿದು ಪರೀಕ್ಷೆಯ ಫಲಿತಾಂಶವೂ ಬಂದ ಮೇಲೆ ಒಂದು ದಿನ ಮೇಲೂರಿನ ಮೇಷ್ಟ್ರು ಫೋನ್ ಮಾಡಿದರು. ಅವರು ಓದಿದ ಪಾಠಗಳನ್ನು ಮೊಮ್ಮಗಳು ಕೇಳಬೇಕಂತೆ.

"ಅಮ್ಮಾ, ನಿನ್ನ ಫೋಲ್ಡರು ಬಾಗಿಲೇ ತೆಗೀತಿಲ್ಲ. ಅನುಮತಿ ಬೇಕು, ಕೇಳಿ ಅಂತ ತೋರಿಸ್ತಾ ಇದೆ."

"ಹಂಗಾಗೋಕೆ ಸಾಧ್ಯಾನೇ ಇಲ್ಲ ಮೇಷ್ಟ್ರೇ. ನಾನೇ ತೆಗೆದು ನೋಡಿದೀನಿ."

"ನೀನು ತೆಗೆದ್ರೆ ತೆಗೀತದೆ ಕಣಮ್ಮ. ನಿಂದಲ್ವಾ ಅದು."

ಅವರು ಅಷ್ಟೇ ಹೇಳಿದ್ದು. ಲ್ಯಾಪ್‌ಟಾಪು ತೆಗೆದು, ಎರಡು ತಿಂಗಳಿಂದ ಮುಟ್ಟದ ಆ ಹೊಸ ಖಾತೆಗೆ ಹೋದೆ. ಅದರ ಇ-ಮೇಲು ನನ್ನ ಫೋನಿನಲ್ಲಿ ಇರಲೇ ಇಲ್ಲ, ಬಂದದ್ದು ನನಗೆ ಕಾಣುವ ದಾರಿಯೇ ಇರಲಿಲ್ಲ. ಮೇಷ್ಟ್ರ ಕೋರಿಕೆ ಮೇಲೆಯೇ ಇತ್ತು. ಅದರ ಕೆಳಗೆ ಇನ್ನೂ ಐದು, ಐದೂ ಆಕೆಯದು. ಅನುಮತಿ ಕೇಳುವಾಗ ಒಂದು ಮಾತು ಬರೆಯಲು ಪುಟ್ಟ ಜಾಗ ಕೊಟ್ಟಿರುತ್ತಾರೆ. ಆಕೆ ಅಲ್ಲಿ ಮಾತಾಡಿ ಬರೆಸಿದ್ದಳು.

ಮೊದಲನೆಯದು ಗುಂಪು ಮುಚ್ಚಿದ ನಾಲ್ಕನೇ ದಿನದ್ದು. "ಮೇಡಂ ನಮಸ್ತೆ, ಒಳಗೆ ಬರಕ್ಕೆ ಅನುಮತಿ ಕೊಡಿ."

ಎರಡನೆಯದು ಒಂದು ವಾರಕ್ಕೆ. "ಮೇಡಂ ಬಿಜಿ ಇರ್ತೀರಿ ಅಂತ ಗೊತ್ತು. ಆದಾಗ ಕೊಡಿ."

ಮೂರನೆಯದರಲ್ಲಿ, "ಎಲ್ಲಾ ಬೇಡ ಮೇಡಂ, ಇತಿಹಾಸ ಒಂದು ಕೊಟ್ರೆ ಸಾಕು. ಮಿಕ್ಕಿದ್ದು ನೆನಪೈತೆ."

ನಾಲ್ಕನೆಯದು, "ನಾಡಿದ್ದು ಇತಿಹಾಸ ಮೇಡಂ. ನೀವು ಓದಿದ ಮೂರನೇ ಪಾಠ ಮಾತ್ರ."

ಐದನೆಯದು ಪರೀಕ್ಷೆಯ ಮಾರನೆಯ ದಿನ. "ಪರೀಕ್ಷೆ ಆಯ್ತು ಮೇಡಂ. ಇನ್ನು ಬೇಡ. ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸಿ."

ನನ್ನ ಗಂಡ ಬಂದು ಏನಾಯಿತು ಎಂದರು, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಓದಿದರು. ಬೈದಿದ್ದರೆ ಚೆನ್ನಾಗಿತ್ತು. ಐದು ಕೋರಿಕೆಗೂ ಅನುಮತಿ ಎಂದು ಒತ್ತಿದೆ. ಒತ್ತಿದ ಮೇಲೆ ಇನ್ನೂ ಕೆಟ್ಟದೆನಿಸಿತು, ಯಾಕೆಂದರೆ ಆಕೆಯ ಫೋನು ಆ ಹೊತ್ತಿನಲ್ಲಿ ಆಕೆಗೆ ಅದನ್ನು ಓದಿ ಹೇಳುತ್ತಿರುತ್ತದೆ, ಪರೀಕ್ಷೆಯಾದ ಮೇಲೆ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಹಳೆಯ ಅರ್ಜಿಯ ನಕಲಿನಲ್ಲಿ ಊರಿನ ಹೆಸರಿತ್ತು. ಭಾನುವಾರ ಬೆಳಿಗ್ಗೆ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಹೋಗುವ ಬಸ್ಸು ಹತ್ತಿದೆ. ಎಲ್ಲ ಪಾಠವನ್ನೂ ಒಂದು ಮೆಮೊರಿ ಕಾರ್ಡಿಗೆ ತುಂಬಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಹತ್ತು ಸಲ ಪರ್ಸು ತೆಗೆದು ನೋಡಿದೆ.

ಊರಿನ ಕೊನೆಯ ಬೀದಿಯ ಶೀಟಿನ ಮನೆ. ಜಗುಲಿಯ ಮೇಲೆ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿತ್ತು. ನನ್ನನ್ನು ನೋಡಿ ಒಳಗೆ ತಿರುಗಿ, "ಎವರೋ ಮೇಡಮ್ಮ ವಚ್ಚಿಂದಿ ಚೂಡು" ಎಂದಿತು, ಯಾರೋ ಮೇಡಂ ಬಂದಿದ್ದಾರೆ ನೋಡು ಎಂದು ತೆಲುಗಿನಲ್ಲಿ. ಒಳಗಿನಿಂದ ಆಕೆ ಗೋಡೆ ಹಿಡಿದುಕೊಂಡು ಬಂದಳು. ನಾನು ಇನ್ನೂ ಒಂದು ಮಾತೂ ಆಡಿರಲಿಲ್ಲ. "ನಾನಮ್ಮಾ" ಎಂದೆ ಅಷ್ಟೇ.

"ಅಯ್ಯೋ, ಇತಿಹಾಸದ ಮೇಡಂ" ಎಂದಳು. ಮುಖವೆಲ್ಲ ನಗು.

ಒಳಗೆ ಬುದ್ಧನ ಚಿತ್ರದ ಕ್ಯಾಲೆಂಡರಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದಳು, ಆಕೆಯ ಗಂಡ ಟೀ ತಂದುಕೊಟ್ಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. ತಪ್ಪಾಯಿತು ಎಂದೆ. ಬಾಗಿಲಿಗೆ ಬೀಗ ಹಾಕಿಟ್ಟು ಮನೆಯ ವಿಳಾಸ ಹಂಚಿದ ಹಾಗೆ ಮಾಡಿಬಿಟ್ಟೆ ಎಂದೆ. ಆಕೆ ಅವಸರದಲ್ಲಿ ಕೈ ಅಡ್ಡ ಹಿಡಿದಳು, ದೊಡ್ಡವರು ಹಾಗೆಲ್ಲ ಅನ್ನಬಾರದು ಎಂಬಂತೆ.

ನಡೆದದ್ದನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಕೇಳದೆ ಇರಲಾಗಲಿಲ್ಲ. ನನ್ನ ಕಾರ್ಡಿನ ಮೇಲೆ ಬೆರಳಿಟ್ಟರೆ ಫೋನು "ಚಿತ್ರ" ಎಂದಿತಂತೆ, ಅಷ್ಟೇ. ಏನು ಚಿತ್ರ ಎಂದು ಗುಂಪಿನಲ್ಲಿ ಕೇಳಲು ಹೋದರೆ ಬರೆಯುವ ಜಾಗವೇ ಇಲ್ಲ, "ಅಡ್ಮಿನ್‌ಗಳು ಮಾತ್ರ" ಎಂದಿತು. ಸಂಜೆ ಗಂಡ ಬಂದು ಅಕ್ಷರ ಕೂಡಿಸಿ ಓದಿ ಹೇಳಿದ.

"ಜಾಗ ಮಾಡ್ಕೋಬಹುದು ಅಂತ ಬರ್ದಿದ್ರಲ್ಲ ಮೇಡಂ" ಎಂದ ಗಂಡ, ತಲೆ ತಗ್ಗಿಸಿಕೊಂಡು, ತಪ್ಪು ತನ್ನದೇ ಎನ್ನುವ ಹಾಗೆ. "ಫೋನು ಬೇರೆ ನಿಂತು ನಿಂತು ಹೋಗ್ತಿತ್ತು. ನಾನೇ ಎಲ್ಲಾ ಅಳಿಸಿದ್ದು. ಮೇಡಂ ಬರ್ದಿದ್ಮೇಲೆ ಸರಿಯಾಗೇ ಇರ್ತದೆ ಅಂತ."

ಮತ್ತೆ ಎರಡು ದಿನಕ್ಕೆ ಫೋನು, ಅಡ್ಮಿನ್ ನಿಮ್ಮನ್ನು ಗುಂಪಿನಿಂದ ತೆಗೆದುಹಾಕಿದ್ದಾರೆ ಎಂದು ಓದಿತಂತೆ. ಲಿಂಕು ತಟ್ಟಿದರೆ ಅನುಮತಿ ಕೇಳಿ ಎಂದಿತು. ಕೇಳಿದಳು.

"ಬೇರೆಯವ್ರಿಗೆ ಫೋನ್ ಮಾಡ್ಬೋದಿತ್ತಲ್ಲಮ್ಮ. ಮೇಷ್ಟ್ರಿಗೆ?"

"ನಂಬರ್ ಸೇವ್ ಮಾಡಿರ್ಲಿಲ್ಲ ಮೇಡಂ. ಫೋನು ಬರೀ ಅಂಕಿ ಓದ್ತದೆ, ಯಾವ ನಂಬರು ಯಾರ ಧ್ವನಿ ಅಂತ ಗೊತ್ತಾಗ್ಲಿಲ್ಲ."

"ನಂದು ಇತ್ತಲ್ಲ?"

ಗಂಡ ನೆಲ ನೋಡಿದ. ಆಮೇಲೆ ಆಕೆಯೇ ಮೆತ್ತಗೆ ಹೇಳಿದಳು. "ಪ್ರತ್ಯೇಕವಾಗಿ ಕರೆ ಮಾಡ್ಬೇಡಿ ಅಂತ ಇತ್ತಂತಲ್ಲ ಮೇಡಂ."

ಟೀ ಲೋಟ ಕೆಳಗಿಟ್ಟೆ. ಎಲ್ಲರ ಊಟವಾಗುವ ತನಕ ಏಳಬಾರದು ಎಂದು ಊರಿಗೆಲ್ಲ ಹೇಳುವವಳು ನಾನು. ಬಡಿಸಿದವರ ಕೈ ತೊಳೆಸಿ, ಉಣ್ಣುತ್ತಿದ್ದವಳ ಮುಂದಿನ ಎಲೆ ಎತ್ತಿಕೊಂಡು ಹೋಗಿದ್ದೆ. ಅದನ್ನು ಶಿಸ್ತು ಅಂದುಕೊಂಡಿದ್ದೆ.

ಮೂರು ವಿಷಯ ಪಾಸು, ಇತಿಹಾಸದಲ್ಲಿ ನಾಲ್ಕು ಅಂಕ ಕಡಿಮೆ. ದೊಡ್ಡ ಪ್ರಶ್ನೆ ಮೂರನೇ ಪಾಠದಿಂದಲೇ ಬಂದಿತ್ತಂತೆ, ನಾನು ಬೆವರು ಸುರಿಸಿ ಓದಿದ ಪಾಠ. ಒಂದೇ ಸಲ ಕೇಳಿದ್ದರಿಂದ ಅರ್ಧವಷ್ಟೇ ಬರೆಸಿದ್ದಳು. ಫೇಲಾದವರಿಗೆಂದು ಅದೇ ವರ್ಷ ನಡೆಸುವ ಎರಡನೇ ಪರೀಕ್ಷೆಗೆ ಮೂರು ವಾರವಿತ್ತು. ಫೀಜು ಕಟ್ಟಿದ್ದೀಯಾ ಎಂದೆ. ಗಂಡ ಹೌದೆಂದು ತಲೆಯಾಡಿಸಿ ಜಗುಲಿಯ ಕಡೆ ಕಣ್ಣು ತೋರಿಸಿದ, ಅತ್ತೆಗೆ ಗೊತ್ತಿಲ್ಲ ಎಂಬಂತೆ. ಮೆಮೊರಿ ಕಾರ್ಡನ್ನು ಆಕೆಯ ಫೋನಿಗೆ ನಾನೇ ಹಾಕಿದೆ. ಆಕೆ ಬೆರಳಾಡಿಸಿದಳು. "ಇತಿಹಾಸ, ಪಾಠ ಮೂರು, ಭಾಗ ಒಂದು" ಎಂದು ಫೋನು ಓದಿತು. "ಹೆಸರು ಎಷ್ಟು ನೀಟಾಗಿ ಇಟ್ಟಿದೀರಿ ಮೇಡಂ" ಎಂದಳು. ನಿಜವಾಗಲೂ ಮೆಚ್ಚಿಕೊಂಡೇ ಹೇಳಿದ್ದು. ನನಗೆ ಅಳು ಬಂತು, ಆಕೆಗೆ ಕಾಣುವುದಿಲ್ಲವೆಂದು ಅತ್ತುಬಿಟ್ಟೆ. ಗಂಡ ನೋಡಿ ಆಚೆ ಹೋದ.

ಹೊರಡುವ ಮುಂಚೆ, ಮತ್ತೆ ಗುಂಪು ಮಾಡುತ್ತೇನೆ, ಏನಾದರೂ ಪಾಠ ಅರ್ಥವಾಗದಿದ್ದರೆ ಕೇಳಬಹುದು ಎಂದೆ.

"ಮಾಡಿ ಮೇಡಂ. ಆದ್ರೆ ಒಂದು ಮಾತು. ಈ ಸಲ ಯಾವಾಗ ಮುಗೀತು ಅಂತ ನಾನು ಹೇಳ್ತೀನಿ."

ಅಲ್ಲೇ ಕೂತು ಗುಂಪು ಮಾಡಿ, ಆಕೆಯನ್ನು ಅಡ್ಮಿನ್ ಮಾಡಿದೆ. ಎಂಟು ಜನರನ್ನೂ ಸೇರಿಸಿದೆ. ನಡೆದದ್ದನ್ನು ಮುಚ್ಚಿಡದೆ ಫೋನಿನಲ್ಲೇ ಟೈಪ್ ಮಾಡಿದೆ, ಕನ್ನಡದಲ್ಲಿ, ಒಂದೊಂದೇ ಅಕ್ಷರ. ಅರ್ಧ ಗಂಟೆ ಹಿಡಿಯಿತು. ಕಳಿಸಿದ ಕೂಡಲೇ ನನ್ನ ಎದುರಿಗೇ ಆಕೆಯ ಫೋನು ಅದನ್ನು ಗಟ್ಟಿಯಾಗಿ ಓದಿತು, ಯಂತ್ರದ ಧ್ವನಿಯಲ್ಲಿ, ನನ್ನ ತಪ್ಪೊಂದನ್ನೂ ಬಿಡದೆ. ಮೇಷ್ಟ್ರು ಮರುದಿನವೇ ಎರಡು ಪಾಠದ ಪ್ರಶ್ನೋತ್ತರ ಓದಿ ಹಾಕಿದರು, ಹಿಂದೆ ಯಂತ್ರ ಗರಗರ. ಈ ಸಲ ನಾನು ಶಾಂತ ಸ್ಥಳದ ಮಾತೆತ್ತಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ಪಾಸಾದಳು. ಫಲಿತಾಂಶದ ದಿನ ಗುಂಪಿಗೆ ಆಕೆಯ ಧ್ವನಿ ಬಂತು. ಮೊದಲ ಗುಂಪಿನಲ್ಲೇ ಹೇಳಬೇಕೆಂದು ಅಂದುಕೊಂಡಿದ್ದಂತೆ, ಬರೆಯುವ ಜಾಗ ಇರಲಿಲ್ಲವಲ್ಲ. ಯಾರ ಮುಖವನ್ನೂ ನೋಡಿದವಳಲ್ಲ, ಹಾಗಾಗಿ ಒಬ್ಬೊಬ್ಬರನ್ನೂ ಅವರವರ ಸದ್ದಿನಿಂದ ಗುರುತು ಹಿಡಿದು ಹೇಳಿದಳು. "ಮೇಲೂರಿನ ಮೇಷ್ಟ್ರೇ, ನಿಮ್ಮ ಪಾಠದಲ್ಲಿ ನೂಲಿನ ಮಿಷನ್ನು ನಿಂತ್ರೆ ಕರೆಂಟ್ ಹೋಯ್ತು ಅಂತ ಗೊತ್ತಾಗೋದು, ನೀವು ಕತ್ಲಲ್ಲೂ ಓದೋದು ನಿಲ್ಲಿಸ್ತಿರ್ಲಿಲ್ಲ. ಚಿಂತಾಮಣಿ ಅಕ್ಕ, ನಿಮ್ಮ ಕುಕ್ಕರು ಮೂರು ಸೀಟಿಗೆ ಆಫ್ ಮಾಡ್ತೀರಿ, ಆವಾಗ ಓದೋದು ಒಂದ್ನಿಮಿಷ ತಡ. ನಾನೂ ಎದ್ದು ನಮ್ಮ ಒಲೆ ನೋಡ್ಕೊಂಡು ಬರ್ತಿದ್ದೆ." ಹೀಗೆ ಎಂಟು ಜನ. ಒಬ್ಬರ ಮನೆಯ ಹುಂಜ, ಇನ್ನೊಬ್ಬರ ಗೋಡೆ ಗಡಿಯಾರ. ಆ ಎಂಟು ಮನೆಗಳಿಗೂ ಆಕೆ ಹೋಗಿ ಕೂತು ಬಂದ ಹಾಗಿತ್ತು.

ಕೊನೆಗೆ ನನ್ನ ಸರದಿ.

"ಚಿಕ್ಕಬಳ್ಳಾಪುರದ ಮೇಡಂ, ನಿಮ್ಮ ಪಾಠದಲ್ಲಿ ಹಿಂದೆ ಏನೂ ಕೇಳ್ಸಲ್ಲ. ಬಾಗ್ಲು ಕಿಟಕಿ ಎಲ್ಲಾ ಹಾಕ್ಕೊಂಡು ಓದ್ತೀರಿ ಅಂತ ಗೊತ್ತಾಗುತ್ತೆ. ಪರೀಕ್ಷೆಗೆ ಅದೇ ಒಳ್ಳೇದು. ನಿಮ್ಮನೆ ಹೆಂಗಿದೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಗುಂಪು ಹಾಗೇ ಇದೆ, ಆಕೆ ಮುಚ್ಚಿಲ್ಲ. ಬೆಳಗಾದರೆ ಗುಲಾಬಿ ಹೂವು ಬರುತ್ತದೆ. ಹೋದ ಭಾನುವಾರ ನಾನು ಕಿಟಕಿ ತೆಗೆದಿಟ್ಟು, ಫ್ಯಾನು ಹಾಕಿ, ಆಕೆಯ ತರಬೇತಿಯ ಪುಸ್ತಕದ ಮೊದಲ ಪಾಠ ಓದಿ ಕಳಿಸಿದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅಳಿಸಿ ಮತ್ತೆ ಓದಲು ಕೈ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ.